ಫೋನ್ ಬರುವ ಮುನ್ನ

ಹೋದ ತಿಂಗಳು ಕಡೂರಿನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಒರಗಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. ಸಾಲ ಕೊಡುವವರಿರಬೇಕೆಂದು ಎರಡು ಸಲ ಕತ್ತರಿಸಿದೆ. ಮೂರನೇ ಸಲ ಎತ್ತಿದರೆ ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿ, ‘ಇವರು ನಿಮಗೆ ಎಷ್ಟು ವರ್ಷದಿಂದ ಪರಿಚಯ?’ ಎಂದಳು. ‘ಅಂಥವರು ಯಾರೂ ನನಗೆ ಗೊತ್ತಿಲ್ಲಮ್ಮ’ ಎಂದು ಇಟ್ಟುಬಿಟ್ಟೆ.

ಸಂಜೆ ಕಾಫಿ ಕುಡಿಯುವಾಗ ತಲೆಗೆ ಹೊಳೆಯಿತು. ಅವಳು ಹೇಳಿದ್ದು ಅಜ್ಜಂಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪನ ಹೆಸರು! ನಮ್ಮ ಸೀಮೆಯಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಇನಿಷಿಯಲ್ಲಿನಲ್ಲಿ ಅಡಗಿರುತ್ತವೆ. ಕಂಪನಿಯ ಅರ್ಜಿ ‘ಕೊನೆಯ ಹೆಸರು’ ಕೇಳುತ್ತದೆ. ಹುಡುಗರು ಅಪ್ಪನ ಹೆಸರು ತುಂಬುತ್ತಾರೆ. ಫೋನ್ ಮಾಡುವವರು ಆ ಹೆಸರನ್ನೇ ಹಿಡಿದು ವಿಚಾರಿಸುತ್ತಾರೆ. ನಾನು ಮೂರು ವರ್ಷ ಪಾಠ ಹೇಳಿದ ಹುಡುಗನನ್ನು ಗೊತ್ತೇ ಇಲ್ಲ ಎಂದುಬಿಟ್ಟಿದ್ದೆ. ತಿರುಗಿ ಆ ನಂಬರಿಗೆ ಮಾಡಿದರೆ ಯಾರೂ ಎತ್ತಲಿಲ್ಲ.

ಹುಡುಗನಿಗೆ ಫೋನ್ ಮಾಡಿ ಬೈದೆ. ‘ನನ್ನ ಹೆಸರು ಕೊಟ್ಟಿದ್ದೀಯ ಅಂತ ಒಂದು ಮಾತು ಹೇಳಬಾರದಿತ್ತೇನೋ?’ ಅವನು, ‘ಸರ್, ನಿಮ್ಮನ್ನ ಕೇಳೋದೇನಿದೆ ಅಂದ್ಕೊಂಡೆ’ ಎಂದ. ಅದು ಸಲಿಗೆ, ಒಪ್ಪಿದೆ. ಆದರೆ ಸಲಿಗೆ ನನ್ನ ಮತ್ತು ಅವನ ನಡುವಿನದು. ಫೋನ್ ಮಾಡಿದವಳಿಗೆ ಅದು ತಿಳಿಯದು. ಅವಳ ಹಾಳೆಯಲ್ಲಿ ‘ಪರಿಚಯವಿಲ್ಲ’ ಎಂದು ಬಿದ್ದಿತ್ತು.

ಪುಣ್ಯಕ್ಕೆ ಅವನು ಆ ರಾತ್ರಿಯೇ ಕಂಪನಿಗೆ ಮೇಲ್ ಬರೆದು ನಡೆದದ್ದನ್ನು ವಿವರಿಸಿದ. ಇನ್ನೊಮ್ಮೆ ಮಾಡುತ್ತೇವೆ ಎಂದರು. ಈ ಸಲ ಅವನು ನನಗೊಂದು ಸಂದೇಶ ಕಳಿಸಿದ. ಅದನ್ನು ಓದುತ್ತಾ, ಇಷ್ಟು ವರ್ಷ ಎಷ್ಟೋ ಹುಡುಗರಿಗೆ ‘ನನ್ನ ಹೆಸರು ಹಾಕ್ಕೊಳ್ಳಪ್ಪ’ ಎಂದು ಹೇಳಿದವನು, ಆಮೇಲೆ ಏನು ಮಾಡಬೇಕೆಂದು ಒಬ್ಬರಿಗೂ ಹೇಳಿಕೊಡಲಿಲ್ಲವಲ್ಲ ಅನ್ನಿಸಿತು. ಸಂದೇಶ ಹೀಗಿತ್ತು:

‘ಸರ್, ನಮಸ್ಕಾರ. ಬೆಂಗಳೂರಿನ ಔಷಧ ಸಗಟು ಕಂಪನಿಯೊಂದರಲ್ಲಿ ಸ್ಟಾಕ್ ಲೆಕ್ಕ ನೋಡುವ ಕೆಲಸಕ್ಕೆ ಇಂಟರ್‌ವ್ಯೂ ಮುಗಿದಿದೆ. ಗೋದಾಮಿಗೆ ಬಂದದ್ದು, ಹೋದದ್ದು, ಬಿಲ್ಲು, ಮೂರನ್ನೂ ದಿನಾ ತಾಳೆ ನೋಡುವುದು ಕೆಲಸ. ಬುಧವಾರ ಇಲ್ಲವೇ ಗುರುವಾರ, 11ರಿಂದ 1ರ ಒಳಗೆ, ಅವರ ಎಚ್‌ಆರ್ ವಿಭಾಗದಿಂದ ಫೋನ್ ಬರುತ್ತದೆ. ನಂಬರು 080ರಿಂದ ಶುರುವಾಗುತ್ತದೆ. ನೀವು ಕನ್ನಡದಲ್ಲೇ ಮಾತಾಡಬಹುದು, ಕೇಳಿಕೊಂಡಿದ್ದೇನೆ. ಅರ್ಜಿಯಲ್ಲಿ ನನ್ನ ಹೆಸರು ಅಪ್ಪನ ಹೆಸರಿನ ಜೊತೆ ಇದೆ. ನಿಮ್ಮಲ್ಲಿ ಬಿ.ಕಾಂ. ಓದಿದ್ದು 2015ರಿಂದ 2018. ಕೊನೆಯ ವರ್ಷ ಅಡಿಕೆ ಮಂಡಿಯ ಲೆಕ್ಕದ ಮೇಲೆ ಪ್ರಾಜೆಕ್ಟ್ ಮಾಡಿದ್ದೆ, ತೂಕದ ಚೀಟಿಗೂ ಪುಸ್ತಕಕ್ಕೂ ಇದ್ದ ವ್ಯತ್ಯಾಸ ಹುಡುಕಿದ್ದೆ. ನಿಮಗೆ ನೆನಪಿದ್ದರೆ ಮಾತ್ರ ಹೇಳಿ. ಇಂಗ್ಲಿಷ್ ಮಾತು ನಿಧಾನ ಅನ್ನುವುದು ಅವರಿಗೆ ಗೊತ್ತಿದೆ, ಕೇಳಿದರೆ ಮುಚ್ಚಿಡಬೇಡಿ. ಅವರು ಒಟಿಪಿ, ಆಧಾರ್, ಬ್ಯಾಂಕಿನ ವಿವರ ಏನೂ ಕೇಳುವುದಿಲ್ಲ. ಕೇಳಿದರೆ ಇಟ್ಟುಬಿಡಿ.’

ಇದರಲ್ಲಿ ಒಂದು ಸಾಲೂ ಹೊಗಳಿಕೆಯಿಲ್ಲ. ‘ಪ್ರಾಮಾಣಿಕ, ಶ್ರಮಜೀವಿ ಎಂದು ಹೇಳಿ’ ಎಂದು ಬರೆದಿದ್ದರೆ ನಾನು ಹಾಗೇ ಹೇಳುತ್ತಿದ್ದೆ, ಕೇಳುವವಳು ಆ ಮಾತನ್ನು ಆ ದಿನ ಹತ್ತನೇ ಸಲ ಕೇಳುತ್ತಿದ್ದಳು. ಅವನು ಕೊಟ್ಟದ್ದು ನಾನೇ ಕಂಡ ಒಂದು ಸಂಗತಿ. ಅದನ್ನೂ ಈ ಹೊಸ ಕೆಲಸಕ್ಕೆ ಹೊಂದುವಂಥದ್ದನ್ನೇ ಆರಿಸಿದ್ದ. ಕಾಲೇಜಿನ ನಾಟಕದಲ್ಲಿ ಅವನು ಚೆನ್ನಾಗಿ ಪಾತ್ರ ಮಾಡಿದ್ದು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಸಂದೇಶ ಬಾರದಿದ್ದರೆ ಬಹುಶಃ ಅದನ್ನೇ ಹೇಳುತ್ತಿದ್ದೆ. ಗೋದಾಮಿನ ಲೆಕ್ಕಕ್ಕೆ ಅದರಿಂದ ಏನಾಗಬೇಕು?

ಅವನು ಕೊಟ್ಟಿದ್ದ ಇನ್ನೊಂದು ಹೆಸರು ತರೀಕೆರೆಯ ಅಡಿಕೆ ಮಂಡಿಯ ಸಾಹುಕಾರರದು. ಅಲ್ಲಿ ಅವನು 2021ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ಲೆಕ್ಕ ಬರೆದಿದ್ದ. ಅವರಿಗೆ ವಾಟ್ಸ್‌ಆ್ಯಪ್ ಓದುವ ರೂಢಿಯಿಲ್ಲ. ‘ಮಂಡಿಗೇ ಹೋಗಿ ಕೂತು ಹೇಳಿ ಬಾ’ ಎಂದೆ. ಹೋದದ್ದು ಒಳ್ಳೆಯದಾಯಿತು. ‘ಎಷ್ಟು ದಿನ ಇದ್ದ ಅಂದ್ರೆ ಏನಂತೀರಿ ಸಾಹುಕಾರ್ರೇ?’ ಎಂದು ಕೇಳಿದನಂತೆ. ‘ಎರಡು ಕೊಯ್ಲು ನಮ್ಮಲ್ಲಿದ್ದ ಅಂತೀನಿ’ ಎಂದರಂತೆ ಅವರು. ಅವರ ಲೆಕ್ಕ ತಪ್ಪಲ್ಲ. ಆದರೆ ಅರ್ಜಿಯಲ್ಲಿರುವುದು 21 ತಿಂಗಳು. ಅತ್ತ ಕಡೆಯವರು ಕೊಯ್ಲನ್ನು ವರ್ಷ ಎಂದು ಬರೆದುಕೊಂಡರೆ ಎರಡೂ ಕೂಡುವುದಿಲ್ಲ. ‘ಏನು ಕೆಲಸ ಮಾಡ್ತಿದ್ದ?’ ಎಂದರೆ ಅವರ ಉತ್ತರ, ‘ನಮ್ಮ ಗುಮಾಸ್ತ’. ಅರ್ಜಿಯಲ್ಲಿರುವುದು ‘ಅಕೌಂಟ್ಸ್ ಅಸಿಸ್ಟೆಂಟ್’. ಕೆಲಸ ಒಂದೇ, ಹೆಸರು ಎರಡು. ಮಂಡಿಯನ್ನು ಕಾಣದವರ ಕಣ್ಣಿಗೆ ಇದು ಸುಳ್ಳಿನಂತೆ ಕಾಣಬಹುದು. ಅವನು ಸಾಹುಕಾರರ ಮಾತನ್ನು ಬದಲಿಸಲು ಹೋಗಲಿಲ್ಲ. ತಿಂಗಳು, ಇಸವಿ, ಅರ್ಜಿಯಲ್ಲಿ ಬರೆದ ಹುದ್ದೆಯ ಹೆಸರು, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಗಾಜಿನಡಿ ಇಟ್ಟು ಬಂದ. ಟೆಂಡರಿನ ಗಲಾಟೆಯಲ್ಲಿ ಫೋನ್ ಕೇಳಿಸುವುದಿಲ್ಲವೆಂದು ತಿಳಿದು, ಅವರಿಗೆ ಸಂಜೆ ಮಾಡಿ ಎಂದು ಕಂಪನಿಗೂ ತಿಳಿಸಿದ.

ಸಾಹುಕಾರರಿಗೆ ಅವನು ನೆನಪಿಸಿದ ಸಂಗತಿಯೇ ಬೇರೆ. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆಯಾಗಿ ಬಂದ ಚೀಲಗಳನ್ನು ರೈತವಾರು ಕಂಪ್ಯೂಟರಿಗೆ ಏರಿಸಿದ್ದು ಅವನು. ಒಂದೇ ಚೀಲ ಎರಡು ಸಲ ತೂಕವಾಗಿ ರೈತನ ಪಟ್ಟಿಗೆ ಸೇರಿದ್ದನ್ನು ಹಿಡಿದದ್ದೂ ಅವನೇ. ಪ್ರಾಜೆಕ್ಟಿನ ಕಥೆ ಸಾಹುಕಾರರಿಗೆ ಗೊತ್ತಿಲ್ಲ, ಚೀಲದ ಕಥೆ ನನಗೆ ಗೊತ್ತಿರಲಿಲ್ಲ. ಇಬ್ಬರೂ ಒಂದೇ ವಾಕ್ಯ ಹೇಳಿದ್ದರೆ ಕೇಳುವವರಿಗೆ ಕಲಿಸಿದ ಪಾಠವೆಂದು ಗೊತ್ತಾಗುತ್ತಿತ್ತು. ಬೇರೆ ಬೇರೆ ಸಂಗತಿಗಳು ಒಂದೇ ಗುಣವನ್ನು ತೋರಿದರೆ ಆ ಗುಣವನ್ನು ಯಾರೂ ಹೆಸರಿಟ್ಟು ಹೇಳಬೇಕಾಗಿಲ್ಲ.

ಗುರುವಾರ ಹನ್ನೆರಡರ ಹೊತ್ತಿಗೆ 080 ಫೋನ್ ಬಂತು. ಈ ಸಲ ಕನ್ನಡದ ದನಿ. ಎಷ್ಟು ವರ್ಷದ ಪರಿಚಯ, ಏನು ಓದಿದ, ಹೇಗೆ ಕೆಲಸ ಮಾಡುತ್ತಿದ್ದ, ಎಲ್ಲ ಕೇಳಿದಳು, ಹೇಳಿದೆ. ಆಮೇಲೆ ಸಂದೇಶದಲ್ಲಿ ಇಲ್ಲದ ಒಂದು ಪ್ರಶ್ನೆ: ‘ತಪ್ಪು ಮಾಡಿದಾಗ ಏನು ಮಾಡ್ತಿದ್ರು ಸರ್?’ ಒಂದು ಕ್ಷಣ ಸುಮ್ಮನಾದೆ. ಪ್ರಾಜೆಕ್ಟನ್ನು ಒಪ್ಪಿಸಿದ ಮಾರನೇ ದಿನ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಬಂತು. ‘ಸರ್, ಒಂದು ಕೋಷ್ಟಕದಲ್ಲಿ ಕೂಡಿದ್ದು ತಪ್ಪಾಗಿದೆ, ವಾಪಸ್ ಕೊಡ್ತೀರಾ?’ ಎಂದಿದ್ದ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಷ್ಟನ್ನು ಅವಳಿಗೆ ಹೇಳಿದೆ. ಅವನು ಸಂದೇಶದಲ್ಲಿ ಆ ಪ್ರಾಜೆಕ್ಟಿನ ಹೆಸರೆತ್ತದಿದ್ದರೆ ಆ ಬಾಗಿಲೂ ಅಲ್ಲಿ ನಿಂತ ಹುಡುಗನೂ ನನಗೆ ನೆನಪಾಗುತ್ತಿರಲಿಲ್ಲ.

ಸಂಜೆ ಅವನ ಫೋನು. ‘ಮಾತಾಡಿದ್ರಂತೆ ಸರ್, ತೊಂದರೆ ಕೊಟ್ಟೆ’ ಎಂದ. ನಾನೇನು ಹೇಳಿದೆ ಎಂದು ಕೇಳುತ್ತಾನೆಂದು ಕಾದೆ. ಅವನು ಕೇಳಲಿಲ್ಲ. ಅಜ್ಜಂಪುರದ ಕಡೆ ಮಳೆ ಹೇಗಿದೆ ಎಂದು ಹೇಳಿ ಇಟ್ಟ.