ತಪ್ಪು ಏಕೆ ತಪ್ಪು?

 



ಪಂಚಶೀಲ ಹೇಳುವಾಗ ಪ್ರತಿ ಶೀಲದಲ್ಲೂ ‘ಸಿಕ್ಖಾಪದ’ ಎಂಬ ಪದ ಬರುತ್ತದೆ. ಸಿಕ್ಖಾ ಎಂದರೆ ಕಲಿಕೆ. ಮೇಲಿನಿಂದ ಯಾರೋ ಹೊರಡಿಸಿದ ಆಜ್ಞೆಯಾಗಿ ನಾವು ಶೀಲವನ್ನು ಸ್ವೀಕರಿಸುವುದಿಲ್ಲ. ಕಲಿಯುತ್ತೇನೆಂದು ನಾವೇ ಒಪ್ಪಿಕೊಳ್ಳುತ್ತೇವೆ. ಮೇಷ್ಟ್ರಾದ ನನಗೆ ಆಗ ಒಂದು ಪ್ರಶ್ನೆ ಹುಟ್ಟುತ್ತದೆ. ಕಲಿಕೆ ಎಂದಮೇಲೆ ಅದಕ್ಕೂ ತರಗತಿಗಳು ಇರಬೇಕಲ್ಲವೇ? ಎಂಟು ವರ್ಷದ ಮಗು ಕದಿಯದೆ ಇರುವುದಕ್ಕೂ ನಲವತ್ತು ವರ್ಷದವರು ಕದಿಯದೆ ಇರುವುದಕ್ಕೂ ಕಾರಣ ಒಂದೇ ಆಗಿರುತ್ತದೆಯೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಇದನ್ನೇ ಹುಡುಕುತ್ತಾ ಹೊರಟವರು. 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಅಧ್ಯಯನಕ್ಕಾಗಿ ಅವರು ಹತ್ತರಿಂದ ಹದಿನಾರು ವರ್ಷದ ಹುಡುಗರಿಗೆ ಕೆಲವು ಕಥೆಗಳನ್ನು ಹೇಳಿ ಪ್ರಶ್ನೆ ಕೇಳಿದರು. ಅವುಗಳಲ್ಲಿ ಹೆಸರಾದದ್ದು ಹೈಂಜ್ ಎಂಬವನ ಕಥೆ.

ಹೈಂಜ್‌ನ ಹೆಂಡತಿ ಕ್ಯಾನ್ಸರ್‌ನಿಂದ ಸಾಯುವ ಸ್ಥಿತಿಯಲ್ಲಿದ್ದಾಳೆ. ಅವಳನ್ನು ಉಳಿಸಬಹುದಾದ ಔಷಧ ಆ ಊರಿನ ಒಬ್ಬನ ಹತ್ತಿರ ಮಾತ್ರ ಇದೆ. ಅವನಿಗೆ ಬಿದ್ದ ಖರ್ಚು 200 ಡಾಲರ್, ಕೇಳುವ ಬೆಲೆ 2000 ಡಾಲರ್. ಹೈಂಜ್ ಕಂಡಕಂಡವರ ಹತ್ತಿರ ಸಾಲ ಕೇಳಿದರೂ ಹೊಂದಿದ್ದು ಸುಮಾರು 1000. ಬೆಲೆ ಇಳಿಸಿ, ಇಲ್ಲವೇ ಉಳಿದದ್ದನ್ನು ಆಮೇಲೆ ಕೊಡುತ್ತೇನೆ ಎಂದರೂ ಔಷಧದವನು ಒಪ್ಪುವುದಿಲ್ಲ. ಕೊನೆಗೆ ಹೈಂಜ್ ಅಂಗಡಿ ಒಡೆದು ಔಷಧ ಕದಿಯುತ್ತಾನೆ. ಅವನು ಮಾಡಿದ್ದು ಸರಿಯೇ? ಏಕೆ?

ಸರಿ ಎಂದರೋ ತಪ್ಪು ಎಂದರೋ ಎಂಬುದನ್ನು ಕೋಲ್‌ಬರ್ಗ್ ಲೆಕ್ಕಕ್ಕೆ ಹಿಡಿಯಲಿಲ್ಲ. ‘ಏಕೆ’ ಎಂಬುದಕ್ಕೆ ಬಂದ ಮಾತನ್ನು ಮಾತ್ರ ತೂಗಿ ನೋಡಿದರು.

ಚಿಕ್ಕ ಮಕ್ಕಳ ಕಾರಣ ಹೆಚ್ಚಾಗಿ ಶಿಕ್ಷೆಯ ಸುತ್ತಲೇ ಇರುತ್ತದೆ: ಕದ್ದರೆ ಪೊಲೀಸರು ಹಿಡಿಯುತ್ತಾರೆ, ಆದ್ದರಿಂದ ತಪ್ಪು. ಸ್ವಲ್ಪ ಬೆಳೆದ ಮೇಲೆ ಲಾಭ–ನಷ್ಟದ ಲೆಕ್ಕ ಸೇರುತ್ತದೆ: ಹೆಂಡತಿ ಉಳಿದರೆ ಅವನಿಗೇ ಅನುಕೂಲ, ಆದ್ದರಿಂದ ಕದಿಯಲಿ. ಒಂದು ಉತ್ತರ ‘ತಪ್ಪು’, ಇನ್ನೊಂದು ‘ಸರಿ’. ಆದರೂ ಎರಡಕ್ಕೂ ತಳಹದಿ ಒಂದೇ, ‘ನನಗೇನಾಗುತ್ತದೆ’ ಎಂಬುದು.

ಹರೆಯಕ್ಕೆ ಬಂದಾಗ ಮಾತು ಬದಲಾಗುತ್ತದೆ. ಒಳ್ಳೆಯ ಗಂಡ ಹೆಂಡತಿಯನ್ನು ಸಾಯಲು ಬಿಡುವುದಿಲ್ಲ. ಕದ್ದರೆ ಮನೆಯವರು ತಲೆ ಎತ್ತಿ ನಡೆಯುವುದು ಹೇಗೆ? ಹೀಗೆ ನಾಲ್ಕು ಜನರ ಕಣ್ಣಲ್ಲಿ ಒಳ್ಳೆಯವರೆನಿಸುವುದು ಮುಖ್ಯವಾಗುತ್ತದೆ. ಇನ್ನೂ ಬೆಳೆದಾಗ ಕಾನೂನು, ವ್ಯವಸ್ಥೆ ಬರುತ್ತವೆ: ಎಲ್ಲರೂ ತಮಗೆ ಬೇಕಾದಾಗ ಕಾನೂನು ಮುರಿದರೆ ಸಮಾಜ ನಿಲ್ಲುವುದು ಹೇಗೆ?

ಇದಾದ ಮೇಲೆ ಇನ್ನೊಂದು ಮೆಟ್ಟಿಲಿದೆ. ಅಲ್ಲಿ ನಿಂತವರು ಕಾನೂನನ್ನೇ ಪ್ರಶ್ನಿಸುತ್ತಾರೆ. ಆಸ್ತಿಯ ಹಕ್ಕು ಇರುವುದು ಮನುಷ್ಯರ ಬದುಕಿಗಾಗಿ. ಅದೇ ಹಕ್ಕು ಜೀವ ತೆಗೆಯುವಂತಿದ್ದರೆ ಜೀವಕ್ಕೇ ಮೊದಲ ಬೆಲೆ. ಆ ರೋಗಿ ಹೆಂಡತಿಯಾಗಿರಲಿ, ಗುರುತಿಲ್ಲದವಳಾಗಿರಲಿ, ಇದೇ ಮಾತು ನಿಲ್ಲಬೇಕು. ಹೀಗೆ ಯಾರಿಗಾದರೂ ಒಂದೇ ಸಮನಾಗಿ ಅನ್ವಯಿಸುವ ಕಾರಣವನ್ನು ತತ್ವ ಎನ್ನುತ್ತೇವೆ.

ಆ ಹುಡುಗರು ದೊಡ್ಡವರಾದ ಮೇಲೂ ಸುಮಾರು 20 ವರ್ಷ ಅವರನ್ನು ಮತ್ತೆ ಮತ್ತೆ ಸಂದರ್ಶಿಸಲಾಯಿತು. ವಯಸ್ಸಾದಂತೆ ಅವರು ಮೆಟ್ಟಿಲು ಹತ್ತಿದ್ದು ನಿಜ. ಆದರೆ ಹೆಚ್ಚಿನವರು ನಡುವಿನ ಹಂತದಲ್ಲೇ, ಜನಾಭಿಪ್ರಾಯ ಮತ್ತು ಕಾನೂನಿನ ಹತ್ತಿರವೇ, ನಿಂತುಬಿಟ್ಟರು. ತತ್ವದ ಮೆಟ್ಟಿಲು ಮುಟ್ಟಿದವರು ಕೆಲವರೇ. ವಯಸ್ಸು ತಾನಾಗಿಯೇ ಯಾರನ್ನೂ ಅಲ್ಲಿಗೆ ಒಯ್ಯುವುದಿಲ್ಲ.

ನಮ್ಮ ಬದುಕಿಗೆ ಈ ವಿಷಯ ತಾಗುವುದು ಇಲ್ಲಿಯೇ. ಅಸ್ಪೃಶ್ಯತೆಯನ್ನು ಆಚರಿಸಿದವರೆಲ್ಲ ಕಳ್ಳರೋ ಕ್ರೂರಿಗಳೋ ಆಗಿರಲಿಲ್ಲ. ಬಹಳಷ್ಟು ಜನ ತಮ್ಮ ಓಣಿಯಲ್ಲಿ ಮರ್ಯಾದಸ್ಥರು, ಹಿರಿಯರ ಮಾತು ಮೀರದವರು. ನಾಲ್ಕು ಜನ ಮೆಚ್ಚುವ ಹಾಗೆ ಬದುಕುವುದೇ ಒಳ್ಳೆಯತನ ಎಂದುಕೊಂಡವರಿಗೆ, ಆ ನಾಲ್ಕು ಜನರೇ ತಪ್ಪು ಮಾಡುತ್ತಿದ್ದಾಗ ಅದನ್ನು ಅಳೆಯಲು ಬೇರೆ ಅಳತೆಗೋಲು ಇರಲಿಲ್ಲ.

ಮಹಾಡ್ ನೋಡಿ. ಎಸ್.ಕೆ. ಬೋಲೆಯವರು ಮಂಡಿಸಿದ ಠರಾವನ್ನು 1923ರಲ್ಲಿ ಮುಂಬೈ ಶಾಸನ ಪರಿಷತ್ತು ಒಪ್ಪಿ, ಸಾರ್ವಜನಿಕ ಕೆರೆ–ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆಯ ವಿಷಯದಲ್ಲಿ ಹಾಗೆಯೇ ನಿರ್ಣಯಿಸಿತು. ಕಾಗದದ ಮೇಲೆ ಕೆರೆ ತೆರೆಯಿತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟುವವರೆಗೆ ಅದು ಕಾಗದದಲ್ಲೇ ಉಳಿದಿತ್ತು. ಅಂದು ನೀರು ಮುಟ್ಟಿದವರ ಮೇಲೆ ಹಲ್ಲೆಯೂ ಆಯಿತು. ಕಾನೂನು ಒಂದು ಹೇಳುತ್ತಿತ್ತು, ಊರಿನ ರೂಢಿ ಇನ್ನೊಂದು ಹೇಳುತ್ತಿತ್ತು, ಜನ ರೂಢಿಯನ್ನೇ ಹಿಡಿದರು. ಆ ನೀರಿನ ಮೇಲೆ ಮನುಷ್ಯರಾದ ಎಲ್ಲರಿಗೂ ಸಮಾನ ಹಕ್ಕು ಎಂಬ ತತ್ವವನ್ನು ನಡೆದು ತೋರಿಸಬೇಕಾಯಿತು.

1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ನಿಯಮಕ್ಕೂ ತತ್ವಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಿದ್ದಾರೆ. ನಿಯಮ ಏನು ಮಾಡಬೇಕೆಂದು ಗೆರೆ ಎಳೆದು ಕೊಡುತ್ತದೆ. ತತ್ವ ಯೋಚಿಸಿ ತೀರ್ಮಾನಿಸುವ ದಾರಿ ಕೊಡುತ್ತದೆ. ನಿಯಮ ಪಾಲಿಸಿದವರಿಗೆ ತಮ್ಮ ಕೆಲಸದ ಹೊಣೆ ಪೂರ್ತಿ ತಟ್ಟುವುದಿಲ್ಲ. ತತ್ವದಂತೆ ನಡೆದವರು ತಪ್ಪಿದರೂ ಆ ಹೊಣೆ ಅವರದೇ. ಕೋಲ್‌ಬರ್ಗ್ ತಮ್ಮ ಅಧ್ಯಯನವನ್ನು ಸಲ್ಲಿಸುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಬಂದ ಮಾತಿದು.

ಕೋಲ್‌ಬರ್ಗ್ ಮಾತಿಗೂ ಮಿತಿಗಳಿವೆ. ಅವರು ಮೊದಲು ಅಧ್ಯಯನ ಮಾಡಿದ್ದು ಹುಡುಗರನ್ನು ಮಾತ್ರ. ಅವರೊಂದಿಗೇ ಕೆಲಸ ಮಾಡಿದ ಕ್ಯಾರಲ್ ಗಿಲಿಗನ್ 1982ರ ಪುಸ್ತಕದಲ್ಲಿ ಇದನ್ನು ಎತ್ತಿ ತೋರಿಸಿದರು. ಹಕ್ಕು, ನ್ಯಾಯಗಳಷ್ಟೇ ಅಳತೆಯಾದರೆ, ಯಾರಿಗೆ ನೋವಾಗುತ್ತದೆ, ಯಾರನ್ನು ನೋಡಿಕೊಳ್ಳಬೇಕು ಎಂದು ಯೋಚಿಸುವ ಹೆಣ್ಣುಮಕ್ಕಳ ದನಿ ಕೆಳಗಿನ ಮೆಟ್ಟಿಲಿನದಾಗಿ ಕಾಣುತ್ತದೆ ಎಂದರು. ನಾವು ಪ್ರಜ್ಞೆಯ ಜೊತೆಗೇ ಕರುಣೆಯನ್ನೂ ಹೇಳುತ್ತೇವಲ್ಲ, ಆದ್ದರಿಂದ ಈ ಮಾತು ನಮಗೆ ಬೇಗ ಅರ್ಥವಾಗಬೇಕು. ಇನ್ನೊಂದು ಮಿತಿ ಎಲ್ಲರೂ ಕಂಡದ್ದೇ. ಚೆನ್ನಾಗಿ ಕಾರಣ ಹೇಳಬಲ್ಲವರೆಲ್ಲ ಹಾಗೆಯೇ ನಡೆಯುತ್ತಾರೆಂದು ಹೇಳಲಾಗದು.

ಹಾಗಾದರೆ ಮನೆಯಲ್ಲಿ ಮಕ್ಕಳಿಗೆ ಏನು ಹೇಳುವುದು? ಮಜ್ಝಿಮನಿಕಾಯದಲ್ಲಿ ಭಗವಾನರು ಬಾಲಕ ರಾಹುಲನಿಗೆ ಹೇಳಿದ ಒಂದು ಸುತ್ತವಿದೆ. ಸಂಪ್ರದಾಯದ ಪ್ರಕಾರ ಆಗ ರಾಹುಲನಿಗೆ ಏಳು ವರ್ಷ. ಕನ್ನಡಿ ಏತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎನ್ನುತ್ತಾರೆ: ಇದರಿಂದ ನನಗೆ ನೋವೇ, ಬೇರೆಯವರಿಗೆ ನೋವೇ, ಇಬ್ಬರಿಗೂ ನೋವೇ? ನೋವಾಗಿದ್ದರೆ ಗುರುವಿನ ಹತ್ತಿರ, ತಿಳಿದವರ ಹತ್ತಿರ ಹೇಳಿ, ಮುಂದೆ ಎಚ್ಚರವಾಗಿರಬೇಕು. ಏಳು ವರ್ಷದ ಮಗುವಿಗೂ ಭಗವಾನರು ಬೆತ್ತ ತೋರಿಸಲಿಲ್ಲ, ‘ಜನ ಏನೆನ್ನುತ್ತಾರೆ’ ಎನ್ನಲಿಲ್ಲ.

ಮಕ್ಕಳು ತಮ್ಮ ಮೆಟ್ಟಿಲಿಗಿಂತ ಒಂದೇ ಮೆಟ್ಟಿಲು ಮೇಲಿನ ಕಾರಣವನ್ನು ಹಿಡಿಯಬಲ್ಲರು ಎಂದು ಕೋಲ್‌ಬರ್ಗ್ ಬಳಗ ಕಂಡುಕೊಂಡಿತ್ತು. ಆದ್ದರಿಂದ ಆರು ವರ್ಷದವಳಿಗೆ ಸಂವಿಧಾನ ವಿವರಿಸಬೇಕಿಲ್ಲ. ಗೆಳತಿಯ ಪೆನ್ಸಿಲ್ ಎತ್ತಿಕೊಂಡು ಬಂದರೆ, ‘ಟೀಚರ್ ಬೈತಾರೆ’ ಎನ್ನುವ ಬದಲು, ‘ನಿನ್ನದನ್ನ ಅವಳು ತಗೊಂಡಿದ್ರೆ ನಿಂಗೆ ಹೇಗನ್ನಿಸ್ತಿತ್ತು ಪುಟ್ಟಿ?’ ಎಂದು ಕೇಳಿದರೆ ಸಾಕು. ಹದಿನೈದರ ಹುಡುಗ ‘ಕಾಪಿ ಎಲ್ಲರೂ ಹೊಡೀತಾರೆ’ ಎಂದರೆ, ‘ನಮ್ಮ ಮರ್ಯಾದೆ ಹೋಗುತ್ತೆ’ ಎಂದರೆ ಅವನನ್ನು ಅದೇ ನಾಲ್ಕು ಜನರ ಕೈಗೆ ಒಪ್ಪಿಸಿದಂತೆ. ‘ಎಲ್ಲರೂ ಹಾಗೇ ಮಾಡಿದರೆ ಮಾರ್ಕ್ಸ್ ಕಾರ್ಡಿಗೆ ಬೆಲೆ ಏನು ಉಳಿಯುತ್ತೆ? ಕಷ್ಟಪಟ್ಟು ಓದಿದವನ ಗತಿ ಏನು?’ ಎಂದು ಕೇಳಿ, ಅವನ ಉತ್ತರಕ್ಕೆ ಕಾಯಬೇಕು.

ಇಂದು ಸಂಜೆ ಮಕ್ಕಳಿಗೆ ಹೈಂಜ್‌ನ ಕಥೆ ಹೇಳಿ. ಸರಿಯೋ ತಪ್ಪೋ ಎಂದು ನೀವು ಮೊದಲು ತೀರ್ಪು ಕೊಡಬೇಡಿ. ಅವರು ಕೊಡುವ ಕಾರಣ ಕೇಳಿಸಿಕೊಳ್ಳಿ. ಆಮೇಲೆ, ನಿಮ್ಮ ಸ್ವಂತ ಕಾರಣ ಯಾವ ಮೆಟ್ಟಿಲಿನದು ಎಂದು ಕನ್ನಡಿ ನೋಡಿಕೊಳ್ಳಿ.

ಭವತು ಸಬ್ಬ ಮಂಗಲಂ.