‘ಯಾಕೆಂದರೆ’ ಎಂಬ ಮಾತಿನ ಬೆಲೆ

“ದರ ಏರಿಸುವಾಗ ಕಾರಣ ಹೇಳೋಕೆ ಹೋಗಬೇಡಿ. ಹೇಳಲೇಬೇಕು ಅಂದ್ರೆ ಏನಾದರೊಂದು ಹೇಳಿ. ‘ಯಾಕೆಂದರೆ’ ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ಜನ ತಲೆಯಾಡಿಸ್ತಾರೆ.” ವರ್ತಕರ ಸಭೆಯಲ್ಲಿ ತರಬೇತಿ ಕೊಡಲು ಬಂದಿದ್ದ ಯುವಕನೊಬ್ಬ ಹೀಗೆಂದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗಿರಾಕಿಗಳಿಗೆಂದು ಮೂರು ರಾತ್ರಿ ಕೂತು ತಿದ್ದಿದ ಪತ್ರದ ಕರಡು ನನ್ನ ಜೇಬಿನಲ್ಲೇ ಇತ್ತು.

ನನ್ನದು ಹಾಸನದಲ್ಲಿ ಕಾಫಿ ಪುಡಿ ಅಂಗಡಿ. ತಂದೆಯ ಕಾಲದ್ದು. ತಿಂಗಳ ಲೆಕ್ಕದ ಮನೆಗಳು ಎಂಬತ್ತರ ಹತ್ತಿರ, ಜೊತೆಗೆ ಒಂದಷ್ಟು ಮೆಸ್ಸು, ಹೋಟೆಲು. 2024ರಲ್ಲಿ ಬ್ರೆಜಿಲ್‌ನಲ್ಲಿ ಬರ ಬಿತ್ತು, ವಿಯೆಟ್ನಾಂನಲ್ಲೂ ಮಳೆ ಕೈಕೊಟ್ಟಿತು. 2025ರ ಫೆಬ್ರವರಿ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ಅಲ್ಲಿ ಏರಿದ್ದು ಸಕಲೇಶಪುರದ ಬೀಜಕ್ಕೂ ಏರುತ್ತದೆ. ಮನೆ ಹಿಂದೆಯೇ ತೋಟವಿದ್ದರೂ ದರ ಮಾತ್ರ ಕಡಲಾಚೆಯಿಂದ ಬರುತ್ತದೆ.

ಬೆಲೆ ಎನ್ನುವುದು ಬರೀ ಸೂಚನೆ, ಅದಕ್ಕೆ ವಿವರಣೆ ಯಾಕೆ ಎನ್ನುವ ಅರ್ಥಶಾಸ್ತ್ರವೂ ಉಂಟು, ನ್ಯಾಯವಾದ ಬೆಲೆ ಯಾವುದೆಂದು ಶತಮಾನಗಟ್ಟಲೆ ಚರ್ಚಿಸಿದ ಧರ್ಮಶಾಸ್ತ್ರಿಗಳೂ ಉಂಟು. ಅಂಗಡಿ ಬಾಗಿಲಲ್ಲಿ ನಿಂತವನಿಗೆ ಇಬ್ಬರೂ ಉಪಯೋಗಕ್ಕೆ ಬರುವುದಿಲ್ಲ. ನನ್ನ ಜಗಳ ಆ ಯುವಕನ ಜೊತೆ, ಯಾಕೆಂದರೆ (ನೋಡಿ, ನಾನೂ ಆ ಪದವನ್ನೇ ಹಿಡಿದೆ) ಅವನು ಗಾಳಿಯಲ್ಲಿ ಗುಂಡು ಹಾರಿಸಿರಲಿಲ್ಲ.

ಅವನ ಕೈಯಲ್ಲಿದ್ದದ್ದು ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗ. ಜೆರಾಕ್ಸ್ ಯಂತ್ರದ ಮುಂದೆ ನಿಂತವರನ್ನು ಕೇಳುವುದು: ಐದು ಹಾಳೆ ಇವೆ, ಮೊದಲು ನಾನು ಮಾಡಿಸಿಕೊಳ್ಳಲೇ? ಕಾರಣ ಹೇಳದೆ ಕೇಳಿದಾಗ ನೂರಕ್ಕೆ 60 ಮಂದಿ ಬಿಟ್ಟುಕೊಟ್ಟರು. ‘ಅವಸರದಲ್ಲಿದ್ದೇನೆ’ ಎಂದಾಗ 94. ‘ಯಾಕೆಂದರೆ ನಾನು ಪ್ರತಿ ತೆಗೆಸಬೇಕು’ ಎಂಬ ಪೊಳ್ಳು ಕಾರಣಕ್ಕೆ 93! ಇಷ್ಟು ಹೇಳಿ ಅವನು ಮುಂದಿನ ಚಿತ್ರಕ್ಕೆ ಹೋಗಿಬಿಟ್ಟ.

ಮನೆಗೆ ಬಂದು ಆ ಪ್ರಯೋಗದ ಉಳಿದರ್ಧ ಓದಿದೆ. ಹಾಳೆ ಐದರ ಬದಲು ಇಪ್ಪತ್ತಾದಾಗ, ಅಂದರೆ ಕೇಳಿದ ಉಪಕಾರ ದೊಡ್ಡದಾದಾಗ, ಪೊಳ್ಳು ಕಾರಣ ನೆಲಕಚ್ಚಿತ್ತು. ಕಾರಣವೇ ಇಲ್ಲದಾಗ 24, ಪೊಳ್ಳು ಕಾರಣಕ್ಕೂ ಅದೇ 24, ನಿಜ ಕಾರಣಕ್ಕೆ 42. ಕಿಲೋಗೆ 480 ರೂಪಾಯಿ ಇದ್ದ ಪುಡಿಯನ್ನು 600 ಮಾಡುವುದು ಐದು ಹಾಳೆಯ ಉಪಕಾರವೇ? ‘ಮಾರುಕಟ್ಟೆಯ ಪರಿಸ್ಥಿತಿಯಿಂದಾಗಿ ದರ ಪರಿಷ್ಕರಿಸಲಾಗಿದೆ’ ಎಂದು ಬರೆಯುವುದೂ ‘ಪ್ರತಿ ತೆಗೆಸಬೇಕು’ ಎನ್ನುವುದೂ ಒಂದೇ ಜಾತಿಯ ಮಾತು. ದರ ಏರಿದೆ, ಆದ್ದರಿಂದ ಏರಿದೆ.

ನನ್ನ ಪತ್ರ ಇಷ್ಟೇ ಇತ್ತು: “ಮುಂದಿನ 1ನೇ ತಾರೀಖಿನಿಂದ 80:20 ಪುಡಿ ಕಿಲೋಗೆ 600 ರೂಪಾಯಿ. ಈಗ 480. ಹಸಿ ಬೀಜ ನಮಗೆ ಕಿಲೋಗೆ 100 ರೂಪಾಯಿ ಜಾಸ್ತಿಯಾಗಿದೆ. ಹುರಿಯುವಾಗ ಒಂದು ಕಿಲೋ ಬೀಜ ಸುಮಾರು 800 ಗ್ರಾಮಿಗೆ ಇಳಿಯುತ್ತದೆ. ನಿಮ್ಮ ಒಂದು ಕಿಲೋ ಪುಡಿಯಲ್ಲಿ ಇರುವುದೂ 800 ಗ್ರಾಂ ಕಾಫಿಯೇ. ಹಾಗಾಗಿ ಆ 100 ಪೂರ್ತಿ ಪುಡಿಯ ಮೇಲೇ ಬಿದ್ದಿದೆ. ಉಳಿದ 20 ಕೂಲಿ, ಕವರು ಮತ್ತು ಕರೆಂಟಿಗೆ. ಚಿಕೋರಿ ಹೆಚ್ಚಿಸಿಲ್ಲ. ಈ ತಿಂಗಳ ಕೊನೆಯವರೆಗೆ ಹಳೇ ದರ.”

ಚಿಕೋರಿಯ ಸಾಲು ಸುಮ್ಮನೆ ಬಂದದ್ದಲ್ಲ. ದರ ಏರಿಸಲು ಹೆದರುವವರು ಹಿಡಿಯುವ ಕಳ್ಳದಾರಿ ಅದೇ. 80:20 ಸದ್ದಿಲ್ಲದೆ 70:30 ಆಗುತ್ತದೆ, ಬೋರ್ಡಿನ ಮೇಲಿನ ದರ ಹಾಗೇ ಇರುತ್ತದೆ. ಕಾನೂನು ನೂರಕ್ಕೆ 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ, ಪ್ರಮಾಣ ಲೇಬಲ್ಲಿನ ಮೇಲೆ ಬರೆದಿರಬೇಕು ಅಷ್ಟೇ. ಬಿಡಿ ಪುಡಿಗೆ ಯಾವ ಲೇಬಲ್ಲು? ಅನುಮಾನ ಬಂದರೆ ಒಂದು ಲೋಟ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳ ಸೇರುತ್ತದೆ.

ಆದರೂ ಯುವಕನಿಗೆ ಸಲ್ಲಬೇಕಾದ್ದು ಸಲ್ಲಲಿ. ನಿಜ ಕಾರಣ ಕೇಳಿಯೂ ನೂರಕ್ಕೆ 58 ಜನ ಜಾಗ ಬಿಡಲಿಲ್ಲವಲ್ಲ. ನನ್ನ ಪತ್ರವನ್ನೂ ಬಹುಪಾಲು ಮಂದಿ ಓದಲಿಲ್ಲ. ಮೆಸ್ಸಿನ ಸಾವಿತ್ರಮ್ಮ “ಅದೆಲ್ಲ ಯಾಕಣ್ಣ, ಎಷ್ಟಾಯ್ತು ಹೇಳು” ಎಂದು ಪತ್ರವನ್ನು ಡಬ್ಬಿ ಕೆಳಗೆ ಸಿಕ್ಕಿಸಿದರು. ವಿವರಣೆ ಹೊತ್ತ ನನ್ನ ಮುಖ ನೋಡಿಯೇ ಅವರು ನಂಬಿದ್ದರೆ, ಗೆದ್ದದ್ದು ಕಾರಣವೋ ಮೂವತ್ತು ವರ್ಷದ ಪರಿಚಯವೋ?

ಇನ್ನೊಂದು ಕಿರಿಕಿರಿಯೂ ಇದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1986ರ ಲೇಖನದಲ್ಲಿ ಜನರ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು. ಭಾರಿ ಹಿಮ ಬಿದ್ದ ಮರುದಿನ ಅಂಗಡಿಯವನು 15 ಡಾಲರಿನ ಹಿಮಗುದ್ದಲಿಯನ್ನು 20ಕ್ಕೆ ಏರಿಸಿದರೆ ಸರಿಯೇ? ನೂರಕ್ಕೆ 82 ಮಂದಿ ಅನ್ಯಾಯ ಎಂದರು. ಅಸಲು ಏರಿದ್ದರಿಂದ ದರ ಏರಿಸಿದರೆ ಮಾತ್ರ ಜನ ಒಪ್ಪುತ್ತಾರೆ. ಅಂದರೆ ವ್ಯಾಪಾರಿ ಹೇಳಬಹುದಾದ ಸಭ್ಯ ಕಾರಣ ಒಂದೇ: ಇದು ನನ್ನ ಜೇಬಿಗಲ್ಲ. ಅದು ಗೊತ್ತಿದ್ದೇ ನಾನು ಆ 20 ರೂಪಾಯಿಯ ಸಾಲು ಬರೆದದ್ದು. ಕೂಲಿ, ಕವರು, ಕರೆಂಟು ಸೇರಿ 13 ಆಗುತ್ತಿತ್ತು. ಉಳಿದ 7 ನನ್ನದು. ನಾಲ್ಕು ವರ್ಷದಿಂದ ನನ್ನ ಲಾಭ ಒಂದು ರೂಪಾಯಿಯೂ ಏರಿರಲಿಲ್ಲ, ಮಗಳ ಹಾಸ್ಟೆಲ್ ಫೀಸು ಏರಿತ್ತು. ‘7 ರೂಪಾಯಿ ನನಗೆ ಬೇಕು’ ಎಂದು ಬರೆಯಲು ಪೆನ್ನು ಓಡಲಿಲ್ಲ. ಬ್ರೆಜಿಲ್‌ನ ಬರದ ಬೆನ್ನಿಗೆ ನನ್ನ 7 ರೂಪಾಯಿಯನ್ನೂ ಕಟ್ಟಿಬಿಟ್ಟೆ. ಪೊಳ್ಳು ಕಾರಣದವನಿಗಿಂತ ನಾನು ಎಷ್ಟು ಮೇಲೆ? ಅವನು ಇಡೀ ಸುಳ್ಳು ಹೇಳಿಸುತ್ತಾನೆ, ನಾನು 120ರಲ್ಲಿ 113 ನಿಜ ಹೇಳಿದೆ.

ಪತ್ರವನ್ನು ಅಕ್ಷರಕ್ಷರ ಓದಿದವರು ಒಬ್ಬರಿದ್ದರು, ನಿವೃತ್ತ ಗಣಿತದ ಮೇಷ್ಟ್ರು. ಆವತ್ತು ಅವರು “ಲೆಕ್ಕ ಸರಿಯಾಗಿದೆ ಕಣಯ್ಯಾ” ಎಂದಾಗ ನನಗೆ ಬಹುಮಾನ ಬಂದಷ್ಟು ಹಿಗ್ಗು. ಕೆಲವು ತಿಂಗಳ ಮೇಲೆ ಬೀಜದ ದರ ಕಿಲೋಗೆ 30 ರೂಪಾಯಿ ಇಳಿಯಿತು. ಮೇಷ್ಟ್ರು ಪೇಪರಿನಲ್ಲಿ ನೋಡಿದ್ದರು. ಜೇಬಿನಿಂದ ನನ್ನದೇ ಪತ್ರ ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಗಲ್ಲಾ ಮೇಲೆ ಇಟ್ಟರು.

“ಹಳೇ ಸ್ಟಾಕ್ ಇದೆ ಸಾರ್, ಜಾಸ್ತಿ ದರಕ್ಕೆ ಕೊಂಡಿದ್ದು” ಎಂದೆ. ನಿಜವೇ, ಮೂರು ವಾರಕ್ಕಾಗುವಷ್ಟು ಚೀಲ ಹಿಂದೆ ಇದ್ದವು.

“ಏರಿಸುವಾಗ ಹಳೇ ಸ್ಟಾಕ್ ಇರಲಿಲ್ವೇನಯ್ಯಾ?”

ಇತ್ತು. ಆಗ ನಾನು ಹಾಕಿಕೊಂಡಿದ್ದ ಲೆಕ್ಕ ಬೇರೆ: ಇವತ್ತು ಮಾರಿದ ಚೀಲದ ಜಾಗಕ್ಕೆ ನಾಳೆ ಹೊಸ ದರದ ಚೀಲ ತರಬೇಕಲ್ಲ, ಅದಕ್ಕೆ ಹೊಸ ದರವೇ ನ್ಯಾಯ. ವ್ಯಾಪಾರದಲ್ಲಿ ಆ ಲೆಕ್ಕವೂ ತಪ್ಪಲ್ಲ. ಏರುವಾಗ ಒಂದು, ಇಳಿಯುವಾಗ ಇನ್ನೊಂದು ಹಿಡಿದೆ, ಅಷ್ಟೇ. ‘ಪರಿಷ್ಕರಿಸಲಾಗಿದೆ’ ಎಂದು ಬರೆದವನ ಗಲ್ಲಾ ಮೇಲೆ ಯಾರೂ ಪತ್ರ ತಂದಿಡುವುದಿಲ್ಲ. ಕಾರಣ ಬರೆದುಕೊಟ್ಟವನು ಗಿರಾಕಿಯ ಕೈಗೆ ತಕ್ಕಡಿಯನ್ನೇ ಕೊಟ್ಟಂತೆ. ಕಾರಣ ಹೇಳಬೇಡಿ ಎಂದ ಯುವಕನಿಗೆ ಈ ಅಪಾಯ ಗೊತ್ತಿತ್ತೋ ಏನೋ.

ಮೇಷ್ಟ್ರಿಗೆ ಆವತ್ತು 570ರ ಲೆಕ್ಕದಲ್ಲೇ ಅರ್ಧ ಕಿಲೋ ಕೊಟ್ಟೆ. ಅವರು ಹೋದ ಮೇಲೆ ಸಾವಿತ್ರಮ್ಮ ಬಂದರು. ಅವರು ಏನೂ ಕೇಳಲಿಲ್ಲ. 600ರ ಲೆಕ್ಕದಲ್ಲಿ ಐದು ಕಿಲೋ ಕಟ್ಟಿಕೊಟ್ಟೆ. ಎರಡನೇ ಪತ್ರದ ಕರಡು ಗಲ್ಲಾದೊಳಗಿದೆ. 30 ಇಳಿಸಿದ್ದೇನೆ ಎಂಬ ಸಾಲು ಸಲೀಸಾಗಿ ಬಂತು. ಆ 7ರ ಸಾಲನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ.