ಅಂಕಿಯ ಪಕ್ಕದ ಅಕ್ಷರ

ಮನೆ ಬಿಟ್ಟ ಮೂರನೆಯ ವಾರಕ್ಕೆ ಗ್ಯಾಸಿನ ಕೊನೆಯ ಬಿಲ್ಲು ಬಂತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎರಡು ವರ್ಷ ಬಾಡಿಗೆಗಿದ್ದ ಮನೆ ಅದು. ಕೆಲಸ ಬದಲಾಗಿ ಲೀಡ್ಸ್‌ಗೆ ಬಂದಿದ್ದೆ. ದಿನದ ಸ್ಥಿರ ಶುಲ್ಕ, ತೆರಿಗೆ ಬಿಟ್ಟು, ಉರಿಸಿದ ಗ್ಯಾಸಿಗೇ 400 ಪೌಂಡ್. ಹಿಂದಿನ ಚಳಿಗಾಲದಲ್ಲಿ ಅಷ್ಟೇ ತಿಂಗಳುಗಳಿಗೆ 150ರ ಆಸುಪಾಸು ಕಟ್ಟಿದ್ದೆ.

ಸಂಶಯ ಮೊದಲು ಹುಟ್ಟಿದ್ದು ಬಿಲ್ಲಿನ ಮೇಲಲ್ಲ, ನನ್ನ ಮೇಲೆ. ಬಾಯ್ಲರ್ ಆರಿಸುವುದನ್ನು ಮರೆತಿದ್ದೆನೇ? ಫೆಬ್ರವರಿಯಲ್ಲಿ ಅಮ್ಮ ಬಂದಿದ್ದಾಗ ರಾತ್ರಿಯೆಲ್ಲ ಮನೆ ಬೆಚ್ಚಗಿಟ್ಟಿದ್ದೆವಲ್ಲ! ಅಮ್ಮನ ಚಳಿಗೆ ಬೆಲೆ ಕಟ್ಟುತ್ತಿದ್ದೇನೆ ಎಂದು ಹೊಳೆದು ನಾಚಿಕೆಯೂ ಆಯಿತು. ಜೊತೆಗೆ ಕೆಲಸ ಮಾಡುವ ಕನ್ನಡದ ಗೆಳೆಯ, "ಕಟ್ಟಿಬಿಡಿ ಸರ್, ಬಾಕಿ ಉಳಿದರೆ ಕ್ರೆಡಿಟ್ ಸ್ಕೋರ್ ಹಾಳಾಗುತ್ತೆ" ಎಂದ. ಕಟ್ಟಲು ಕಾರ್ಡನ್ನೂ ಕೈಗೆತ್ತಿಕೊಂಡಿದ್ದೆ. ಪರದೇಶದಲ್ಲಿ ತಕರಾರಿಲ್ಲದೆ ಬದುಕುವುದನ್ನು ನಾನು ಬಹುಕಾಲ ಸಜ್ಜನಿಕೆಯೆಂದೇ ಎಣಿಸಿದ್ದೆ. ಅದರಲ್ಲಿ ಅಂಜಿಕೆಯ ಪಾಲೆಷ್ಟು ಎಂದು ಕೇಳಿಕೊಂಡಿರಲಿಲ್ಲ.

ಕಡೆಗೆ ಗ್ಯಾಸ್ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿಯೇ ಕೇಳಿದಳು: "ನೀವು ಕೊಟ್ಟ ರೀಡಿಂಗ್ 212. ಬಿಲ್ಲಿನಲ್ಲೂ 212. ತಪ್ಪೆಲ್ಲಿದೆ ಹೇಳಿ?" ನನಗೆ ಉತ್ತರ ತೋಚಲಿಲ್ಲ. (ನಾನಿದ್ದ ಊರಿನ ಹೆಸರನ್ನೂ ಈ ರೀಡಿಂಗನ್ನೂ ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯುತ್ತಾರೆ; ಒಂದೇ ಬರಹಕ್ಕೆ ಎರಡು ಅರ್ಥವಿರಬಹುದೆಂಬುದು ಅಲ್ಲಿದ್ದೂ ನನಗೆ ಹೊಳೆಯಲಿಲ್ಲ.)

ಹಾಸನದ ನಮ್ಮ ಮನೆಯಲ್ಲಿ ಅಪ್ಪ ಪ್ರತಿ ತಿಂಗಳೂ ಕರೆಂಟಿನ ಮೀಟರು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಅಂಕಿ ಬರೆದಿಡುತ್ತಿದ್ದರು. ಬಿಲ್ಲು ಕೈಗೆ ಬಂದೊಡನೆ ಕಳೆದು ನೋಡುತ್ತಿದ್ದರು. ಅದು ಜಿಪುಣತನವೆಂದು ಓದಿದ ಮಗನಾದ ನಾನು ಒಳಗೊಳಗೇ ನಕ್ಕಿದ್ದುಂಟು. ಆ ರಾತ್ರಿ ಅವರಂತೆಯೇ ಕೂತು ಬಿಲ್ಲಿನ ಎರಡನೆಯ ಪುಟ ತೆರೆದೆ.

ಗ್ಯಾಸಿನ ಮೀಟರು ಅಳೆಯುವುದು ಗಾತ್ರವನ್ನು, ಹಣ ಕಟ್ಟುವುದು ಶಾಖಕ್ಕೆ. ಆದ್ದರಿಂದ ಯೂನಿಟ್ಟುಗಳನ್ನು ಕಿಲೋವ್ಯಾಟ್ ಅವರ್‌ಗೆ ಬದಲಿಸುತ್ತಾರೆ. ಹೊಸ ಮೀಟರುಗಳು ಘನ ಮೀಟರಿನಲ್ಲಿ ಅಳೆಯುತ್ತವೆ. ಹಳೆಯವು ನೂರು ಘನ ಅಡಿಗೆ ಒಂದು ಯೂನಿಟ್ ತೋರಿಸುತ್ತವೆ. ಅವುಗಳ ಅಂಕಿಯನ್ನು ಮೊದಲು 2.83ರಿಂದ ಗುಣಿಸಿ ಘನ ಮೀಟರು ಮಾಡಿಕೊಳ್ಳಬೇಕು. ಆಮೇಲಿನ ಲೆಕ್ಕ ಎರಡಕ್ಕೂ ಒಂದೇ. ನನ್ನ ಮನೆಯಲ್ಲಿದ್ದ ಹಳೆಯ ಮೀಟರನ್ನು ಡಿಸೆಂಬರಿನಲ್ಲಿ ಬದಲಿಸಿದ್ದರು. ಬದಲಿಸಿದ ಮೇಲೆ ಬಂದ ಮೊದಲ ಬಿಲ್ಲೇ ಕೊನೆಯದೂ ಆಗಿತ್ತು. ಅದರ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 2.83 ಹಾಗೆಯೇ ಕೂತಿತ್ತು.

ಮನೆಯ ಬೀಗದ ಕೈ ಒಪ್ಪಿಸುವ ದಿನ ತೆಗೆದ ಮೀಟರಿನ ಫೋಟೋವನ್ನು ಹಿಗ್ಗಿಸಿದೆ. 212ರ ಪಕ್ಕದಲ್ಲಿ m³ ಎಂಬ ಗುರುತು ಸ್ಪಷ್ಟವಾಗಿತ್ತು. ಆರಂಭದ ಅಂಕಿ 2, ಉರಿದದ್ದು 210 ಯೂನಿಟ್. ಘನ ಮೀಟರಿನ ಲೆಕ್ಕದಲ್ಲಿ ಅದು ಸುಮಾರು 2,356 ಕಿಲೋವ್ಯಾಟ್ ಅವರ್. ಘನ ಅಡಿಯೆಂದು ಹಿಡಿದು ಅವರು ಬರೆದದ್ದು 6,668. ಕಿಲೋವ್ಯಾಟ್ ಅವರ್‌ಗೆ 6 ಪೆನ್ಸಿನಂತೆ 141 ಪೌಂಡ್ ಆಗಬೇಕಾದದ್ದು 400 ಆಗಿತ್ತು.

ಇಷ್ಟಾದ ಮೇಲೆ ಅಂಜಿಕೆ ಹೋಗಿ ಸಿಟ್ಟು ಬಂತು. ನಾಲ್ಕು ಪುಟದ ಕಟುವಾದ ಪತ್ರ ಬರೆದೆ. ಬೆಳಿಗ್ಗೆ ಓದಿದಾಗ ಅದರಲ್ಲಿ ಮೀಟರಿನ ವಿಷಯ ಒಂದೇ ಸಾಲಿತ್ತು, ಮಿಕ್ಕದ್ದೆಲ್ಲ ನಾನೇ. ಆ ಹೆಣ್ಣುಮಗಳು ಸುಳ್ಳಾಡಿರಲಿಲ್ಲ. ಅಂಕಿ ನಿಜಕ್ಕೂ ಸರಿಯಾಗಿತ್ತು. ನಿನ್ನೆ ತಪ್ಪೆಲ್ಲ ನನ್ನದೆಂದವನು ಇಂದು ತಪ್ಪೆಲ್ಲ ಅವಳದೆನ್ನುತ್ತಿದ್ದೆ. ಎರಡು ಸಲವೂ ಮೀಟರನ್ನು ಬಿಟ್ಟು ಮನುಷ್ಯರನ್ನೇ ನೋಡಿದ್ದೆ.

ಪತ್ರ ಹರಿದು ಎಂಟು ಸಾಲಿನ ಇಮೇಲ್ ಬರೆದೆ: ಇದು ದೂರು ಎಂಬ ಮಾತು, ಫೋಟೋ, ಲೆಕ್ಕ. ದೂರು ಎಂದು ಸ್ಪಷ್ಟವಾಗಿ ಹೇಳಿದರೆ ಅಲ್ಲಿ ದಿನಗಳ ಎಣಿಕೆ ಶುರುವಾಗುತ್ತದೆ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಎನರ್ಜಿ ಒಂಬುಡ್ಸ್‌ಮನ್ ಬಳಿಗೆ ಖರ್ಚಿಲ್ಲದೆ ಹೋಗಬಹುದು. ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಐದನೆಯ ವಾರಕ್ಕೆ ತಿದ್ದಿದ ಬಿಲ್ಲು ಬಂತು. ಬಾಕಿಯನ್ನು ಅಂದೇ ಕಟ್ಟಿದೆ.

ಬಾಡಿಗೆ ಮನೆ ಬಿಡುವವರು ಮೀಟರಿನ ಫೋಟೋ ತೆಗೆಯುವಾಗ ಅಂಕಿಯಷ್ಟನ್ನೇ ತೆಗೆಯಬೇಡಿ. ಪಕ್ಕದ ಆ ಸಣ್ಣ ಅಕ್ಷರವೂ ಚೌಕಟ್ಟಿನೊಳಗೆ ಬರಲಿ.